ಸಂಜೆಯ ಕೇಕು ಏಕೆ ನಡು ಕುಸಿಯುತ್ತಿತ್ತು: ಧಾರವಾಡದ ನನ್ನ ಮನೆ ಬೇಕರಿಯ ಒಂದು ವರ್ಷದ ಲೆಕ್ಕ

ಡಿಸೆಂಬರ್ ಕೊನೆಯ ವಾರ ಆರ್ಡರ್ ಬರೆಯುವ ನೋಟುಬುಕ್ಕನ್ನು ಮೊದಲ ಪುಟದಿಂದ ಮತ್ತೆ ತಿರುವಿ ಹಾಕಿದೆ. ವರ್ಷವಿಡೀ ಫೋನಿನಲ್ಲೋ ವಾಟ್ಸಾಪಿನಲ್ಲೋ ವಿಚಾರಿಸಿದವರು 561 ಮಂದಿ. ಅದರಲ್ಲಿ ಕೈಗೆ ಮುಟ್ಟಿದ ಆರ್ಡರುಗಳು 318. ಎರಡನೇ ಸಲ ಬಂದ ಮನೆಗಳು 94. ಈ 318ರಲ್ಲಿ 155 ಕೇಕು, ಉಳಿದ 163 ಬಿಸ್ಕತ್ತು. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಖಾರಾ ಬಿಸ್ಕತ್ತೇ ಅದರಲ್ಲಿ ಹೆಚ್ಚು, ಆಮೇಲೆ ನಾನಕಟಾಯಿ. ವಿಚಾರಿಸಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಆರ್ಡರ್ ಕೊಟ್ಟಿದ್ದಾರೆ ಅನ್ನುವುದು ನನಗೆ ಸಮಾಧಾನದ ಸಂಗತಿ.

ನಾನು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಅಂಕಿಯ ಬಗ್ಗೆ. ಆ 155 ಕೇಕು ಕೊಡಲು ನಾನು ಒಟ್ಟು 186 ಕೇಕು ಬೇಯಿಸಿದ್ದೇನೆ. 31 ಕೆಟ್ಟವು. ಅರ್ಧ ಕೆಜಿ ಕೇಕಿಗೆ ನನಗೆ ಸಾಮಾನಿಗೇ ಸುಮಾರು 180 ರೂಪಾಯಿ ಬೀಳುತ್ತದೆ, ಅಂದರೆ 5,580 ರೂಪಾಯಿಯ ಸಾಮಾನು ಹೋಯಿತು. ಅದಕ್ಕಿಂತ ನೋವಾಗುವುದು, ಸಮಯಕ್ಕೆ ಕೊಡಲಾಗದೆ ಕಳೆದುಕೊಂಡ ನಾಲ್ಕು ಆರ್ಡರುಗಳದ್ದು. ಕೆಟ್ಟ 31ರಲ್ಲಿ 25 ಜನವರಿಯಿಂದ ಜುಲೈ ಒಳಗೆ ಕೆಟ್ಟವು, 6 ಆಗಸ್ಟಿನ ನಂತರ. ನಡುವೆ ಏನು ರಿಪೇರಿ ಆಯಿತು ಅನ್ನುವುದೇ ಈ ವರ್ಷದ ಮುಖ್ಯ ಕಥೆ.

ನನ್ನ ಗಿರಾಕಿಗಳಲ್ಲಿ ಬಹುತೇಕರು ತತ್ತಿ ಮುಟ್ಟದವರು. ಹಾಗಾಗಿ ಎಲ್ಲ ಕೇಕೂ ಮೊಸರಿನದ್ದು. ಎಂಟು ಇಂಚಿನ ಡಬ್ಬಿಗೆ ಅಳತೆ ಹೀಗೆ: 240 ಗ್ರಾಂ ಗಟ್ಟಿ ಮೊಸರು, 150 ಗ್ರಾಂ ಸಕ್ಕರೆ, 110 ಗ್ರಾಂ ಎಣ್ಣೆ, 190 ಗ್ರಾಂ ಮೈದಾ, ಅರ್ಧ ಟೀಚಮಚ ಅಡುಗೆ ಸೋಡಾ, ಒಂದೂಕಾಲು ಟೀಚಮಚ ಬೇಕಿಂಗ್ ಪೌಡರ್. ಮೊಸರು ಸಕ್ಕರೆ ಕಲಸಿ, ಸೋಡಾ ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಒಲೆ 48 ಲೀಟರಿನ ಓಟಿಜಿ, ಹಿಂದಿನ ಚೀಟಿಯಲ್ಲಿ 230 ವೋಲ್ಟ್, 2000 ವಾಟ್ ಎಂದಿದೆ.

ಏಪ್ರಿಲಿನಲ್ಲಿ ಹುಬ್ಬಳ್ಳಿಯಿಂದ ಒಂದು ತೊಟ್ಟಿಲು ಕಾರ್ಯಕ್ಕೆ ಒಂದು ಕೆಜಿ ಕೇಕಿನ ಆರ್ಡರ್ ಬಂತು. ಹಿಂದಿನ ದಿನ ಸಂಜೆ ಏಳೂವರೆಗೆ ಒಲೆಗಿಟ್ಟೆ. ಅರ್ಧ ಗಂಟೆಯಲ್ಲಿ ಚೆನ್ನಾಗಿಯೇ ಉಬ್ಬಿತ್ತು, ಹೊರಗೆ ತೆಗೆಯುವ ಹೊತ್ತಿಗೆ ನಡು ತಟ್ಟೆಯಂತೆ ಕುಸಿದಿತ್ತು. ಮೇಲ್ಭಾಗ ಪೇಲವ. ಕೊಯ್ದು ನೋಡಿದರೆ ತಳದಲ್ಲಿ ಬೆರಳಿನಷ್ಟು ದಪ್ಪ ಅಂಟಂಟು ಪದರ. ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಆಕೆ ಒಂದು ಮಾತೂ ಬೈಯಲಿಲ್ಲ. "ಇರಲಿ ಬಿಡ್ರೀ ಅಕ್ಕಾರ, ಕಾರ್ಯ ಮಧ್ಯಾಹ್ನ ಐತಿ. ಮುಂಜಾನೆ ಮಾಡಿ ಕೊಟ್ಟರೂ ನಡೀತೈತಿ" ಅಂದರು. ಬೆಳಿಗ್ಗೆ ಐದೂವರೆಗೆ ಎದ್ದು ಅದೇ ಮೈದಾ, ಅದೇ ಮೊಸರು, ಅದೇ ಅಳತೆ, ಅದೇ ಡಬ್ಬಿ. ಕೇಕು ಒಂದು ಸೀಳೂ ಇಲ್ಲದೆ ಸಮನಾಗಿ ಬಂತು.

ಇಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ತಪ್ಪು ಅಳತೆಯದ್ದೇ ಎಂದು ನಂಬಿದ್ದೆ. ಕೇಕು ಏಳುತ್ತಿಲ್ಲ ಎಂದು ಸೋಡಾವನ್ನು ಮುಕ್ಕಾಲು ಚಮಚಕ್ಕೆ ಏರಿಸಿದೆ. ಆಗ ಅದು ಇನ್ನೂ ಬೇಗ ಎದ್ದು ಇನ್ನೂ ಆಳಕ್ಕೆ ಕುಸಿಯಿತು, ಜೊತೆಗೆ ಬಾಯಲ್ಲಿ ಸಾಬೂನಿನ ಒಗರು. ಮೈದಾ ಅಂಗಡಿ ಬದಲಿಸಿದೆ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆ. ಮೂರು ತಿಂಗಳು ಹೀಗೇ ಕಳೆಯಿತು. ವರ್ಷದ ಅತಿ ದೊಡ್ಡ ತಪ್ಪು ನನ್ನ ಲೆಕ್ಕದಲ್ಲಿ ಇದೇ: ಒಂದೇ ಹಿಟ್ಟು ಸಂಜೆ ಕೆಟ್ಟು ಬೆಳಿಗ್ಗೆ ಚೆನ್ನಾಗಿ ಬಂದದ್ದನ್ನು ಕಣ್ಣಾರೆ ಕಂಡೂ ಹಿಟ್ಟನ್ನೇ ಬದಲಿಸುತ್ತ ಕೂತದ್ದು.

ಜೂನ್ ಕೊನೆಗೆ ನೋಟುಬುಕ್ಕಿನಲ್ಲಿ ಕೆಟ್ಟ ಕೇಕುಗಳ ಪಕ್ಕ ಸಮಯ ಬರೆಯತೊಡಗಿದೆ. ಹಳೆಯವುಗಳಿಗೆ ಫೋನಿನಲ್ಲಿದ್ದ ಫೋಟೋಗಳ ಸಮಯ ನೋಡಿ ತುಂಬಿದೆ. ಜುಲೈ ಮುಗಿಯುವ ಹೊತ್ತಿಗೆ ಲೆಕ್ಕ ಹೀಗಿತ್ತು: ಬೆಳಿಗ್ಗೆ ಬೇಯಿಸಿದ 58ರಲ್ಲಿ ಕೆಟ್ಟದ್ದು 5, ಸಂಜೆ ಬೇಯಿಸಿದ 46ರಲ್ಲಿ ಕೆಟ್ಟದ್ದು 20. ಜನ ವಿಚಾರಿಸುವುದು ಊಟವಾದ ಮೇಲೆ, ಬೇಕಾಗಿರುವುದು ಮರುದಿನಕ್ಕೆ, ಹಾಗಾಗಿ ಸಂಜೆ ಒಲೆ ಹಚ್ಚದೆ ನನಗೆ ಬೇರೆ ದಾರಿ ಇರಲಿಲ್ಲ. ಬಿಸ್ಕತ್ತು ಮಾತ್ರ ಸಂಜೆಯೂ ಕೆಡುತ್ತಿರಲಿಲ್ಲ. ತೆಳುವಾದ ವಸ್ತು ಅದು, ಉಬ್ಬಿ ನಿಲ್ಲುವ ಗೋಜಿಲ್ಲ, ಕಾವು ಕಡಿಮೆಯಾದರೆ ಹತ್ತು ನಿಮಿಷ ಹೆಚ್ಚು ಇಟ್ಟರೆ ಗರಿಗರಿಯಾಗುತ್ತದೆ. ಒಲೆಯ ಮೇಲೆ ನನಗೆ ಅನುಮಾನ ಬರದಿರಲು ಬಿಸ್ಕತ್ತೇ ಕಾರಣ.

ಮೊಸರಿನ ಕೇಕಿಗೆ ಹಾಗಲ್ಲ. ತತ್ತಿ ಇದ್ದರೆ ಅದು ಗಟ್ಟಿಯಾಗಿ ಗುಳ್ಳೆಗಳನ್ನು ಹಿಡಿದಿಡುತ್ತದೆ. ಇಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮೈದಾದ ಪಿಷ್ಟವೇ ಮಾಡಬೇಕು, ನೀರು ಹೀರಿ ಬೆಂದು ಗಟ್ಟಿಯಾಗಬೇಕು. ಸಕ್ಕರೆ ಇರುವಲ್ಲಿ ಪಿಷ್ಟ ಬೇಯಲು ಹೆಚ್ಚು ಕಾವು ಬೇಕು. ಇತ್ತ ಸೋಡಾ ಮೊಸರಿನ ಹುಳಿಗೆ ತಾಗಿದ ಕ್ಷಣದಿಂದಲೇ ಗಾಳಿ ಬಿಡಲು ಶುರು. ಒಲೆ ಬಲವಾಗಿದ್ದರೆ ಗುಳ್ಳೆಗಳು ಇರುವಾಗಲೇ ಗೋಡೆ ಗಟ್ಟಿಯಾಗುತ್ತದೆ. ಒಲೆ ನಿಧಾನವಾದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಮೇಲೇರಿ ಹೋಗುತ್ತವೆ, ಕಾವು ಎಲ್ಲಕ್ಕಿಂತ ತಡವಾಗಿ ತಲುಪುವ ನಡುಭಾಗ ಕುಸಿಯುತ್ತದೆ. ನೋಡಿ ಗುರುತಿಸಬಹುದು: ಮೇಲ್ಭಾಗ ಪೇಲವವಾಗಿ, ನಡು ಕುಸಿದು, ತಳದಲ್ಲಿ ಅಂಟು ಪದರ ಇದ್ದರೆ ಕಾವು ಸಾಲಲಿಲ್ಲ. ಬಣ್ಣ ಕಂದಾಗಿ, ರುಚಿ ಸಾಬೂನಾಗಿ, ಆಮೇಲೆ ಕುಸಿದಿದ್ದರೆ ಸೋಡಾ ಹೆಚ್ಚಾಗಿದೆ. ನಡು ಗುಡ್ಡದಂತೆ ಎದ್ದು ಸೀಳಿದ್ದರೆ ಕಾವು ಹೆಚ್ಚಾಗಿದೆ.

ಜುಲೈನಲ್ಲಿ ಉದ್ದ ವೈರಿನ ತುದಿಗೆ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತರಿಸಿದೆ. ಕಡ್ಡಿ ಒಲೆಯ ಒಳಗೆ, ಅಂಕಿ ತೋರಿಸುವ ಪೆಟ್ಟಿಗೆ ಹೊರಗೆ. ನಂಬುವ ಮುಂಚೆ ಅದನ್ನೇ ಪರೀಕ್ಷಿಸಿದೆ. ಐಸು ಕರಗುತ್ತಿರುವ ನೀರಿನಲ್ಲಿ 0 ತೋರಿಸಿತು. ಕುದಿಯುವ ನೀರಿನಲ್ಲಿ 97 ದಾಟಲೇ ಇಲ್ಲ. ವಾಪಸ್ ಕಳಿಸಬೇಕು ಅಂದುಕೊಂಡಿದ್ದೆ, ವಿಜ್ಞಾನ ಕಲಿಸುವ ನನ್ನ ಮೈದುನ ತಡೆದ. "ವೈನಿ, ಧಾರವಾಡ ಸಮುದ್ರಮಟ್ಟದಿಂದ ಏಳುನೂರು ಮೀಟರಿಗಿಂತ ಮ್ಯಾಲ ಐತಿ. ಇಲ್ಲಿ ನೀರು ನೂರಕ್ಕ ಕುದಿಯಂಗಿಲ್ಲ. ನಿಮ್ಮ ಥರ್ಮಾಮೀಟರ್ ಸರಿ ಐತಿ" ಅಂದ. ನೀರು ಇಲ್ಲಿ ಕುದಿಯುವುದು ತೊಂಬತ್ತೇಳು, ತೊಂಬತ್ತೇಳೂವರೆಯ ಆಸುಪಾಸಿನಲ್ಲಿ.

ಗುಂಡಿಯನ್ನು 180ಕ್ಕೆ ತಿರುಗಿಸಿ ಅಳೆದೆ. ಬೆಳಿಗ್ಗೆ ಆರು ಗಂಟೆಗೆ ಹದಿನೈದು ನಿಮಿಷದಲ್ಲಿ 168. ಸಂಜೆ ಏಳೂವರೆಗೆ ಅದೇ ಹದಿನೈದು ನಿಮಿಷದಲ್ಲಿ 141. ನಾನು ವರ್ಷಗಳಿಂದ ಗಡಿಯಾರ ನೋಡಿ ಹದಿನೈದು ನಿಮಿಷ ಒಲೆ ಕಾಯಿಸಿ ಡಬ್ಬಿ ಇಡುತ್ತಿದ್ದವಳು. ಮುಂದಿನ ಕೆಂಪು ದೀಪ ಉರಿಯುತ್ತಿದ್ದರೆ ಎಲ್ಲ ಸರಿ ಎಂದು ತಿಳಿದಿದ್ದೆ. ನನ್ನ ಓಟಿಜಿಯಲ್ಲಿ ಆ ದೀಪ ಟೈಮರ್ ನಡೆಯುವವರೆಗೂ ಉರಿಯುತ್ತದೆ, ಕಾವು ಮುಟ್ಟಿತೋ ಇಲ್ಲವೋ ಅದು ಹೇಳುವುದಿಲ್ಲ. ಸಂಜೆ ಬಾಗಿಲು ತೆರೆದು ಡಬ್ಬಿ ಇಟ್ಟು ಮುಚ್ಚಿದಾಗ 112ಕ್ಕೆ ಇಳಿಯಿತು. ಅಲ್ಲಿಂದ 160ಕ್ಕೆ ಏರಲು 25 ನಿಮಿಷ ಹಿಡಿಯಿತು. ಬೆಳಿಗ್ಗೆ ಡಬ್ಬಿ ಇಟ್ಟಾಗ 138ಕ್ಕೆ ಇಳಿದು ಹತ್ತೇ ನಿಮಿಷದಲ್ಲಿ 170 ಮುಟ್ಟಿತು. ಸಂಜೆಯ ಕೇಕಿನ ಗುಳ್ಳೆಗಳೆಲ್ಲ ಆ 25 ನಿಮಿಷದಲ್ಲೇ ಹೋಗುತ್ತಿದ್ದವು.

ಕಾವು ಏಕೆ ಕಡಿಮೆ? ಒಲೆಯ ಸರಳು ಹೋಗಿದ್ದರೆ ಬೆಳಿಗ್ಗೆಯೂ ಕಡಿಮೆಯೇ ಇರಬೇಕಿತ್ತು. ಮೇಲಿನ ಎರಡು, ಕೆಳಗಿನ ಎರಡು ಸರಳುಗಳೂ ಕೆಂಪಗಾಗುತ್ತಿದ್ದವು, ಸಂಜೆ ಮಾತ್ರ ಬಣ್ಣ ಮಂಕು. ನಮ್ಮನೆಯವರು ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರ್ ತಂದರು. ವೈರು ಮುಟ್ಟುವ ಅಗತ್ಯವಿಲ್ಲ, ಸಾಕೆಟ್ಟಿಗೆ ಚುಚ್ಚಿ ಓದಿದರಾಯಿತು. ಬೆಳಿಗ್ಗೆ ಒಲೆ ಆರಿಸಿದಾಗ 231, ಹಚ್ಚಿದಾಗ 210. ಸಂಜೆ ಒಲೆ ಆರಿಸಿದಾಗ 206, ಹಚ್ಚಿದಾಗ 188.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ ಎಂದು ಮೈದುನ ಬಿಡಿಸಿ ತೋರಿಸಿದ. 231 ಸಂಜೆ 206 ಆಗುವುದು ಹೊರಗಿನಿಂದ ಬರುವ ವೋಲ್ಟೇಜಿನದ್ದು. ಎಲ್ಲ ಮನೆಗಳಲ್ಲೂ ದೀಪ, ಮೋಟಾರು ಶುರುವಾಗುವ ಹೊತ್ತು ಅದು. ಅದು ನಮ್ಮ ಕೈಲಿಲ್ಲ. ಒಲೆ ಹಚ್ಚಿದ ಕೂಡಲೇ ಹತ್ತಿರ ಹತ್ತಿರ 20 ವೋಲ್ಟ್ ಬೀಳುತ್ತದಲ್ಲ, ಅದು ಬೆಳಿಗ್ಗೆಯೂ ಇದೆ ಸಂಜೆಯೂ ಇದೆ. ಒಲೆ ಎಳೆಯುವುದು ಏಳೆಂಟು ಆಂಪಿಯರ್. ಅಷ್ಟಕ್ಕೇ 20 ವೋಲ್ಟ್ ಬೀಳುತ್ತಿದ್ದರೆ ದೋಷ ಮನೆಯ ವೈರಿಂಗಿನಲ್ಲೇ ಇರಬೇಕು. ವೋಲ್ಟೇಜು ಸ್ವಲ್ಪ ಇಳಿದರೂ ಕಾವು ಬಹಳ ಇಳಿಯುತ್ತದೆ, ಏಕೆಂದರೆ ವಾಟು ವೋಲ್ಟಿನ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ. ಕೆಳಗಿನ R ಅಂದರೆ ಕರೆಂಟಿಗೆ ಒಲೆಯ ಸರಳುಗಳು ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ:

```
R = 230 × 230 / 2000 = 26.45
210 V: 210 × 210 / 26.45 ≈ 1667 W
188 V: 188 × 188 / 26.45 ≈ 1336 W
```

ಚೀಟಿಯಲ್ಲಿ 2000 ವಾಟ್ ಬರೆದ ಒಲೆಯಿಂದ ನಾನು ಸಂಜೆ ಪಡೆಯುತ್ತಿದ್ದದ್ದು ಮೂರನೇ ಎರಡು ಭಾಗ.

ಎಲೆಕ್ಟ್ರಿಷಿಯನ್ ಬಂದು ಮೊದಲು ನೋಡಿದ್ದು ನನ್ನ ಎಕ್ಸ್‌ಟೆನ್ಶನ್ ಬಾಕ್ಸು. ಒಲೆಯ ದಪ್ಪ ಮೂರು ಪಿನ್ನಿನ ಪ್ಲಗ್ಗಿಗೆ ಒಂದು ಕನ್ವರ್ಟರ್ ಸಿಕ್ಕಿಸಿ, ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿದ್ದೆವು. ಕನ್ವರ್ಟರಿನ ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದಾಗಿ ಉಬ್ಬಿತ್ತು. "ವೈನಿಯವರ, ಇದು ಇಷ್ಟ ದಿನ ಸುಡದ ಉಳದದ್ದು ನಿಮ್ಮ ಪುಣ್ಯಾರೀ" ಅಂದರು. ಆಮೇಲೆ ಮೇನ್ ಆಫ್ ಮಾಡಿ ಗೋಡೆಯ ಬೋರ್ಡು ಬಿಚ್ಚಿದರು. ಹಳೆಯ ಮನೆ, ಒಳಗೆ ಅಲ್ಯುಮಿನಿಯಂ ವೈರು. ಆ ಲೋಹ ಮೆತ್ತಗಿನದ್ದು. ಕಾದು ಹಿಗ್ಗಿ, ತಣಿದು ಕುಗ್ಗಿ, ಸ್ಕ್ರೂ ಕೆಳಗೆ ವರ್ಷಗಳಲ್ಲಿ ಸಡಿಲವಾಗುತ್ತದೆ. ಸಡಿಲವಾದಲ್ಲಿ ಮತ್ತೆ ಕಾಯುತ್ತದೆ. ಎರಡು ಸ್ಕ್ರೂಗಳ ಕೆಳಗೆ ಕಪ್ಪು ಮಸಿ ಕಂಡಿತು. ಎಕ್ಸ್‌ಟೆನ್ಶನ್ನಿನ ತೆಳು ವೈರೇ ಎಲ್ಲಕ್ಕೂ ಕಾರಣ ಎಂದು ನಾನು ಎಣಿಸಿದ್ದೆ. ಅವರ ಪ್ರಕಾರ ಐದು ಮೀಟರ್ ವೈರಿನಲ್ಲಿ ಬೀಳುವುದು ಒಂದೆರಡು ವೋಲ್ಟ್ ಅಷ್ಟೇ, ಉಳಿದದ್ದೆಲ್ಲ ಹಳೆಯ ಲೈನು ಮತ್ತು ಸಡಿಲ ಜೋಡಣೆಗಳದ್ದು. ಅಲ್ಲಿ ವ್ಯರ್ಥವಾಗುತ್ತಿದ್ದ ಕರೆಂಟು ಕಾವಾಗಿ ಗೋಡೆಯ ಒಳಗೇ ಉಳಿಯುತ್ತಿತ್ತು ಎಂದು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೆಯ ಲೈನನ್ನು ಬಿಟ್ಟು ಮೇನ್ ಬೋರ್ಡಿನಿಂದ ಅಡುಗೆಮನೆಗೆ ಹೊಸ ಲೈನು ಎಳೆಸಿದೆವು: 4 ಚದರ ಮಿಲಿಮೀಟರಿನ ತಾಮ್ರದ ವೈರು, ಸುಮಾರು 14 ಮೀಟರ್, ಜೊತೆಗೆ ಅರ್ತಿಂಗ್. ಅದಕ್ಕೇ ಪ್ರತ್ಯೇಕ 16 ಆಂಪಿಯರಿನ ಎಂಸಿಬಿ, 16 ಆಂಪಿಯರಿನ ಸಾಕೆಟ್ಟು. ಒಲೆಯ ಪ್ಲಗ್ಗು ನೇರವಾಗಿ ಅದಕ್ಕೆ, ನಡುವೆ ಏನೂ ಇಲ್ಲ. ಸಾಮಾನು ಕೂಲಿ ಸೇರಿ 4,200 ರೂಪಾಯಿ, ಅಂದರೆ ಕೆಟ್ಟ ಕೇಕುಗಳ ಸಾಮಾನಿಗಿಂತ ಕಡಿಮೆ. ಸ್ಟೆಬಿಲೈಸರ್ ಹಾಕಿಸೋಣವೇ ಎಂದು ಕೇಳಿದ್ದೆ. ಅವರು ಬೇಡ ಅಂದರು. ವೋಲ್ಟೇಜು ಏರಿಸಿ ಕೊಡುವಾಗ ಅದು ಲೈನಿನಿಂದ ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಸಡಿಲ ಜೋಡಣೆ ಇರುವ ಮನೆಯಲ್ಲಿ ಅದು ಅಪಾಯ. ಅದು ಸರಿಯಾದ ಮಾತು ಎಂದು ಈಗಲೂ ಅನಿಸುತ್ತದೆ.

ಹೊಸ ಲೈನಿನಲ್ಲಿ ಮೊದಲ ಸಂಜೆ ಅಳೆದೆ. ಹೊರಗಿನ ವೋಲ್ಟೇಜು ಅದೇ 206. ಒಲೆ ಹಚ್ಚಿದಾಗ 203. ಲೆಕ್ಕ ಹಾಕಿದರೆ ಸುಮಾರು 1,558 ವಾಟ್, ಹಳೆಯ ಲೈನಿನಲ್ಲಿ ಬೆಳಗಿನ ಹೊತ್ತು ಸಿಗುತ್ತಿದ್ದದ್ದಕ್ಕೆ ಹತ್ತಿರ. ಕೆಂಪು ದೀಪ ನೋಡುವುದನ್ನು ಬಿಟ್ಟು, ಥರ್ಮಾಮೀಟರ್ 180 ತೋರಿಸಿದ ಮೇಲೆ ಇನ್ನೂ ಹತ್ತು ನಿಮಿಷ ಬಿಟ್ಟು ಡಬ್ಬಿ ಇಡತೊಡಗಿದೆ. ಗಾಳಿ ಬೇಗ ಕಾಯುತ್ತದೆ, ಒಲೆಯ ಗೋಡೆ ಮತ್ತು ತಟ್ಟೆ ಕಾಯಲು ಹೊತ್ತು ಬೇಕು. ಅವು ಕಾದಿದ್ದರೆ ಬಾಗಿಲು ತೆರೆದಾಗ ಹೋದ ಕಾವು ಬೇಗ ಮರಳುತ್ತದೆ.

ಇಷ್ಟಾದ ಮೇಲೆ ಬೆಳಿಗ್ಗೆ ಬೇಯಿಸಿದ ಎರಡು ಕೇಕು ನಡು ಗುಡ್ಡವಾಗಿ ಸೀಳಿದವು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಪೂರ್ತಿ ಶಕ್ತಿ ಸಿಕ್ಕಾಗ ಗುಂಡಿಯ ಸುಳ್ಳು ಹೊರಬಿತ್ತು: 180ಕ್ಕೆ ಇಟ್ಟರೆ ಒಳಗೆ 176ರಿಂದ 208ರ ನಡುವೆ ಏರಿಳಿಯುತ್ತದೆ, ಸರಾಸರಿ 192. ಥರ್ಮೋಸ್ಟಾಟ್ ಕಾವು ಮುಟ್ಟಿದ ಮೇಲೆ ಆರುತ್ತದೆ, ತಣಿದ ಮೇಲೆ ಹಚ್ಚಿಕೊಳ್ಳುತ್ತದೆ, ಹಾಗಾಗಿ ಏರಿಳಿತ ಇದ್ದೇ ಇರುತ್ತದೆ. ಒಂದು ಕ್ಷಣದ ಅಂಕಿ ನೋಡಿ ಗಾಬರಿಯಾಗದೆ ಮೂರು ನಾಲ್ಕು ಸುತ್ತು ಬರೆದುಕೊಂಡು ಸರಾಸರಿ ತೆಗೆಯಬೇಕು. ಒಲೆಯನ್ನು ಬಿಚ್ಚಲಿಲ್ಲ. 165ರಿಂದ 170ರ ನಡುವೆ ಉಗುರು ಬಣ್ಣದಿಂದ ಒಂದು ಚುಕ್ಕೆ ಇಟ್ಟೆ. ನನ್ನ 180 ಈಗ ಆ ಚುಕ್ಕೆ.

ಆಗಸ್ಟಿನಿಂದ ಡಿಸೆಂಬರ್‌ವರೆಗೆ ಬೇಯಿಸಿದ್ದು 82, ಕೆಟ್ಟದ್ದು 6. ಎರಡು ಈ ಸೀಳಿದವು. ಎರಡು ಕರೆಂಟು ಹೋಗಿ ಕೆಟ್ಟವು. ಒಂದನ್ನು ಇಪ್ಪತ್ತು ನಿಮಿಷಕ್ಕೇ ಬಾಗಿಲು ತೆರೆದು ನಾನೇ ಕೆಡಿಸಿದೆ. ಒಂದಕ್ಕೆ ಹಳೆಯ ಬೇಕಿಂಗ್ ಪೌಡರ್ ಕಾರಣ. ಅರ್ಧ ಚಮಚ ಪೌಡರನ್ನು ಬಿಸಿನೀರಿಗೆ ಹಾಕಿದರೆ ರಭಸವಾಗಿ ನೊರೆ ಬರಬೇಕು, ಅದು ಬರಲಿಲ್ಲ. ಕರೆಂಟು ಹೋದಾಗ ಬಾಗಿಲು ಮುಚ್ಚಿಯೇ ಇಟ್ಟರೆ ಐದಾರು ನಿಮಿಷದ ಕಡಿತವನ್ನು ಕೇಕು ತಾಳಿಕೊಳ್ಳುತ್ತದೆ. ಮೊದಲ ಹದಿನೈದು ನಿಮಿಷದಲ್ಲಿ ಹೋಗಿ ಅರ್ಧ ಗಂಟೆ ಬಾರದಿದ್ದರೆ ಅದು ಹೋಯಿತೆಂದೇ ಲೆಕ್ಕ.

ಬರುವ ವರ್ಷಕ್ಕೆ ಯೋಚನೆ ಹೆಚ್ಚೇನಿಲ್ಲ. ಇನ್ನೊಂದು ಓಟಿಜಿ ಕೊಳ್ಳುವ ಆಸೆ ಇತ್ತು, ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಹೊಸವರ್ಷದ ಆರ್ಡರು ತಡೆದುಕೊಳ್ಳಲು ಆಗಲಿಲ್ಲ. ಆದರೆ 2000 ವಾಟಿನ ಎರಡು ಒಲೆ ಒಟ್ಟಿಗೆ ಹಚ್ಚಿದರೆ 17 ಆಂಪಿಯರ್ ದಾಟುತ್ತದೆ, ಈ 16 ಆಂಪಿಯರಿನ ಲೈನಿಗೆ ಅದು ಸಲ್ಲದು. ಮತ್ತೊಂದು ಲೈನು, ಮನೆಯ ಮಂಜೂರಾದ ಲೋಡು, ಎರಡನ್ನೂ ನೋಡಿಕೊಂಡ ಮೇಲೆಯೇ ಎರಡನೇ ಒಲೆ. ಅಲ್ಲಿಯವರೆಗೆ ಮರುದಿನದ ಕೇಕುಗಳನ್ನು ಬೆಳಿಗ್ಗೆ ಐದಕ್ಕೆ ಬೇಯಿಸಿ, ತಣಿಸಿ, ಹನ್ನೊಂದರ ಮೇಲೆ ಕೊಡುತ್ತೇನೆ ಎಂದು ಗಿರಾಕಿಗಳಿಗೆ ಮೊದಲೇ ಹೇಳುತ್ತಿದ್ದೇನೆ. ಬೆಳಿಗ್ಗೆಯೇ ಬೇಕು ಅನ್ನುವವರಿಗೆ ಮಾತ್ರ ಸಂಜೆ ಒಲೆ.

ಜವೆ ಗೋಧಿ ಹಿಟ್ಟಿನ ಕೇಕನ್ನು ಅರ್ಧ ಮೈದಾ ಬೆರೆಸಿ ಮೂರು ಸಲ ಮಾಡಿ ನೋಡಿದ್ದೇನೆ. ಹೊಟ್ಟು ನೀರು ಹೀರುವುದರಿಂದ ಮೊಸರು 30 ಗ್ರಾಂ ಹೆಚ್ಚು ಬೇಕಾಯಿತು, ಒಲೆಯಲ್ಲಿ ಎಂಟು ನಿಮಿಷ ಹೆಚ್ಚು. ಮೂರನೆಯದು ಮನೆಯಲ್ಲಿ ಒಂದೇ ಸಂಜೆಗೆ ಖಾಲಿಯಾಯಿತು. ಮಾರಲು ತೆಗೆಯುವ ಮುಂಚೆ ಅದನ್ನು ಹತ್ತು ಸಲವಾದರೂ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬೇಯಿಸಿ, ಸಮಯ ಮತ್ತು ವೋಲ್ಟು ಪಕ್ಕದಲ್ಲಿ ಬರೆದು ನೋಡುವವಳಿದ್ದೇನೆ. ಹೊಸ ನೋಟುಬುಕ್ಕಿಗೆ ಆ ಎರಡು ಕಾಲಂ ಈಗಾಗಲೇ ಗೆರೆ ಹಾಕಿಟ್ಟಿದ್ದೇನೆ.